ಸುರಂಗದಲ್ಲಿ ನೀರು ಎಲ್ಲಿ ಸಿಗುತ್ತದೆ? ಒಂದು k, ಎರಡು ತುಂಡು, ಒಂದು ಸಂಚಿತ ಫಲನ

(ಕಾಸರಗೋಡಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಗಣಿತ ಅಧ್ಯಾಪಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಪರೀಕ್ಷೆಯಲ್ಲಿ ಈ ಪ್ರಶ್ನೆ ಎರಡೇ ಸಾಲಿನಲ್ಲಿ ಬರುತ್ತದೆ. ಒಂದು ಫಲನವನ್ನು ಎರಡು ತುಂಡಾಗಿ ಕೊಟ್ಟು, ಎರಡರಲ್ಲೂ ಒಂದು k ಇಟ್ಟು, "ಇದು ಸಂಭವನೀಯತಾ ಸಾಂದ್ರತೆಯಾಗುವಂತೆ k ಕಂಡುಹಿಡಿಯಿರಿ, ಸಂಚಿತ ವಿತರಣಾ ಫಲನವನ್ನು ಬರೆಯಿರಿ" ಎನ್ನುತ್ತಾರೆ. ಅನುಕಲನ ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ಆದರೂ ಅನುಕಲನ ಚೆನ್ನಾಗಿ ಬರುವವರೇ ಇದರಲ್ಲಿ ಎಡವುತ್ತಾರೆ. ಅವರಿಗೆ ಲೆಕ್ಕ ಗೊತ್ತಿರುತ್ತದೆ, ಯಾವುದರ ಲೆಕ್ಕ ಎನ್ನುವುದು ಗೊತ್ತಿರುವುದಿಲ್ಲ. ಹಾಗಾಗಿ ಇವತ್ತು ಒಂದೇ ಲೆಕ್ಕವನ್ನು ಹಿಡಿದುಕೊಂಡು ಕೊನೆಯವರೆಗೆ ಹೋಗೋಣ.

ನಮ್ಮ ಊರಿನದೇ ಸಂಗತಿ ತೆಗೆದುಕೊಳ್ಳುತ್ತೇನೆ. ಬಾಯಾರು, ಎಣ್ಮಕಜೆ ಕಡೆಯ ತೋಟಗಳಲ್ಲಿ ಸುರಂಗ ನೋಡದವರು ನಿಮ್ಮಲ್ಲಿ ಕಡಿಮೆ. ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ, ಮುರಕಲ್ಲನ್ನು ಕೊರೆಯುತ್ತಾ ಒಳಗೆ ಹೋಗುತ್ತಾರೆ. ಒಸರು ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಉದ್ದವನ್ನು ಅಳೆಯುವುದು ಕೋಲಿನಲ್ಲಿ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಳಗೆ ಕೆಲಸ ಮಾಡುವವರು ಮೊಂಬತ್ತಿಯನ್ನೋ ದೀಪವನ್ನೋ ಉರಿಸಿಟ್ಟುಕೊಳ್ಳುವುದು ಬೆಳಕಿಗೆ ಮಾತ್ರವಲ್ಲ. ದೀಪ ಮಂಕಾದರೆ ಉಸಿರಾಡುವ ಗಾಳಿ ಸಾಲುತ್ತಿಲ್ಲ ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಇದು ನಮ್ಮ ಲೆಕ್ಕಕ್ಕೆ ಸಂಬಂಧಪಟ್ಟದ್ದಲ್ಲ. ಆದರೆ ಒಂದೊಂದು ಕೋಲು ಮುಂದೆ ಹೋಗುವುದೂ ಕೂಲಿಯ ಖರ್ಚು, ಜೀವದ ಅಪಾಯ ಎರಡೂ ಸೇರಿದ ತೀರ್ಮಾನ ಎಂಬುದು ನೆನಪಿರಲಿ.

ಎಷ್ಟು ಕೋಲಿಗೆ ನೀರು ಸಿಗುತ್ತದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಅದನ್ನು X ಎನ್ನೋಣ. ಸಂಖ್ಯೆಗಳು ಚಿಕ್ಕದಾಗಿರಲಿ ಎಂದು ಹತ್ತು ಕೋಲಿಗೆ ಒಂದು ಎಂದು ಎಣಿಸೋಣ. ಅಂದರೆ x = 2 ಎಂದರೆ ಇಪ್ಪತ್ತು ಕೋಲು, x = 6 ಎಂದರೆ ಅರವತ್ತು. ಒಂದು ಗುಡ್ಡದಲ್ಲಿ ಮೊದಲ ಇಪ್ಪತ್ತು ಕೋಲು ಗಟ್ಟಿ ಮುರಕಲ್ಲು, ಆಮೇಲೆ ನೀರು ತಡೆದು ನಿಲ್ಲಿಸುವ ಶೇಡಿಮಣ್ಣಿನ ಪದರ ಎಂದು ಭಾವಿಸಿ. ಗಟ್ಟಿ ಕಲ್ಲಿನಲ್ಲಿ ನೀರು ಸಿಗುವ ಸಾಧ್ಯತೆ ಒಳಗೆ ಹೋದ ಹಾಗೆ ನಿಧಾನವಾಗಿ ಏರುತ್ತದೆ. ಪದರ ಬದಲಾಗುವ ಜಾಗದಲ್ಲಿ ಅದು ಒಮ್ಮೆಗೇ ಜಿಗಿದು, ಅಲ್ಲಿಂದ ಮುಂದೆ ಇಳಿಯುತ್ತಾ ಅರವತ್ತು ಕೋಲಿಗೆ ಮುಗಿಯುತ್ತದೆ. ಇದನ್ನು ಹೀಗೆ ಬರೆಯೋಣ:

f(x) = kx, 0 ≤ x < 2 ಆದಾಗ
f(x) = k(6 − x), 2 ≤ x ≤ 6 ಆದಾಗ
f(x) = 0, ಉಳಿದೆಡೆ

ಇದು ಯಾರೋ ಗುಡ್ಡ ಅಳೆದು ತಂದ ಸೂತ್ರವಲ್ಲ, ಇವತ್ತಿನ ಪಾಠಕ್ಕೆಂದು ನಾನು ಹೊಸೆದದ್ದು. ಆಕಾರ ಮಾತ್ರ ನಂಬುವ ಹಾಗಿದೆ.

ಈಗ k. f(x) ಎಂಬುದು ಸಂಭವನೀಯತೆ ಅಲ್ಲ, ಸಾಂದ್ರತೆ. ರೇಖೆಯ ಎತ್ತರಕ್ಕೆ ತಾನಾಗಿ ಅರ್ಥವಿಲ್ಲ. ಎರಡು ಬಿಂದುಗಳ ನಡುವೆ ರೇಖೆಯ ಕೆಳಗಿರುವ ವಿಸ್ತೀರ್ಣವೇ ಆ ಅಂತರದಲ್ಲಿ ನೀರು ಸಿಗುವ ಸಂಭವನೀಯತೆ. ಎಲ್ಲ ಕಡೆಯ ವಿಸ್ತೀರ್ಣ ಸೇರಿ 1 ಆಗಬೇಕು. k ಸಿಗುವುದು ಇಲ್ಲಿಂದಲೇ. ಈ ಫಲನಕ್ಕೆ ಅನುಕಲನವೂ ಬೇಡ, ಚಿತ್ರ ಬರೆದರೆ ಸಾಕು. ಮೊದಲ ತುಂಡು ಒಂದು ತ್ರಿಕೋನ: ಪಾದ 2, ಎತ್ತರ 2k, ವಿಸ್ತೀರ್ಣ 2k. ಎರಡನೆಯದೂ ತ್ರಿಕೋನ: ಪಾದ 4, x = 2ರಲ್ಲಿ ಎತ್ತರ 4k, ವಿಸ್ತೀರ್ಣ 8k. ಒಟ್ಟು 10k. ಅದು 1 ಆಗಬೇಕು, ಆದ್ದರಿಂದ k = 1/10.

ಉತ್ತರ ಬಂತು. ಆದರೆ ಇಲ್ಲಿಗೆ ಬರುವ ಮೊದಲೇ ದಾರಿ ತಪ್ಪುವವರಿದ್ದಾರೆ. ಕೆಲವರು ತುಂಡು ತುಂಡಾಗಿ 1ಕ್ಕೆ ಸಮ ಮಾಡುತ್ತಾರೆ. ಮೊದಲನೆಯದರಿಂದ k = 1/2, ಎರಡನೆಯದರಿಂದ k = 1/8 ಬರುತ್ತದೆ. ಒಂದೇ k ಎರಡು ಬೆಲೆ ತೋರಿಸಿದ ಮೇಲೂ ಎರಡನ್ನೂ ಉತ್ತರಪತ್ರಿಕೆಯಲ್ಲಿ ಬರೆದು ಮುಂದೆ ಹೋಗುವ ಧೈರ್ಯ ಬೆರಗು ಹುಟ್ಟಿಸುವಂಥದ್ದು. ನೀರು ಮುರಕಲ್ಲಿನಲ್ಲೂ ಖಂಡಿತ ಸಿಗುತ್ತದೆ, ಶೇಡಿಮಣ್ಣಿನಲ್ಲೂ ಖಂಡಿತ ಸಿಗುತ್ತದೆ ಎಂದು ಹೇಳಿದಂತಾಯಿತು ಅದು. ಎರಡೂ ಸೇರಿ ಒಂದೇ ಖಂಡಿತ.

ಇನ್ನು ಕೆಲವರಿಗೆ ಸಾತತ್ಯದ ಪಾಠ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಎರಡು ತುಂಡು ಕಂಡ ಕೂಡಲೇ x = 2ರಲ್ಲಿ ಎರಡನ್ನೂ ಸಮ ಮಾಡುತ್ತಾರೆ: 2k = 4k. ಅಲ್ಲಿಗೆ k = 0. ಆಗ f ಎಲ್ಲೆಡೆ ಸೊನ್ನೆ, ವಿಸ್ತೀರ್ಣವೂ ಸೊನ್ನೆ. ಸಾಂದ್ರತೆ ಸತತವಾಗಿರಬೇಕೆಂಬ ನಿಯಮವೇ ಇಲ್ಲ. ನಮ್ಮ f, x = 2ರಲ್ಲಿ 0.2ರಿಂದ 0.4ಕ್ಕೆ ಹಾರುತ್ತದೆ. ಪದರ ಬದಲಾದ ಜಾಗ ಅದು, ಹಾರಲೇಬೇಕು. ಸತತವಾಗಿರಬೇಕಾದದ್ದು ಸಂಚಿತ ಫಲನ. ಆ ಷರತ್ತನ್ನು ಇಲ್ಲಿ ತಂದು ಹಾಕಿದರೆ ಲೆಕ್ಕ ಕೆಡುತ್ತದೆ.

ಸಾಂದ್ರತೆಗೆ ಇನ್ನೊಂದು ಷರತ್ತಿದೆ: ಅದು ಎಲ್ಲಿಯೂ ಋಣವಾಗಬಾರದು. ನಮ್ಮ ಫಲನದಲ್ಲಿ k ಧನ, x ಮತ್ತು 6 − x ತಮ್ಮ ತಮ್ಮ ವ್ಯಾಪ್ತಿಯಲ್ಲಿ ಧನ ಅಥವಾ ಸೊನ್ನೆ. ಹಾಗಾಗಿ ತೊಂದರೆ ಇಲ್ಲ. ತೊಂದರೆ ಆಗುವ ಉದಾಹರಣೆ ನೋಡಿ. 0ಯಿಂದ 3ರವರೆಗೆ f(x) = k(x − 1) ಎಂದು ಕೊಟ್ಟರೆ ವಿಸ್ತೀರ್ಣ 1.5k ಬರುತ್ತದೆ, k = 2/3 ಎಂದು ನೀವು ಸಂತೋಷದಿಂದ ಬರೆಯುತ್ತೀರಿ. ಆದರೆ 0ಯಿಂದ 1ರವರೆಗೆ f ಋಣ. ಅಲ್ಲಿ ನೀರು ಸಿಗುವ ಸಂಭವನೀಯತೆ −1/3 ಎಂದಾಗುತ್ತದೆ. ಒಂದು ಕಡೆ ಕಡಿಮೆಯಾದದ್ದನ್ನು ಇನ್ನೊಂದು ಕಡೆಯ ಹೆಚ್ಚು ತುಂಬಿಕೊಟ್ಟು ಒಟ್ಟು ಮೊತ್ತ 1 ಆಗಿಬಿಟ್ಟಿದೆ, ಅಷ್ಟೇ. k ಅನ್ನು ಧನವಾಗಿಟ್ಟರೂ ಋಣವಾಗಿಟ್ಟರೂ ಎಲ್ಲೋ ಒಂದು ಕಡೆ f ಋಣವಾಗುತ್ತದೆ. ಇಂಥ ಪ್ರಶ್ನೆಗೆ ಸರಿಯಾದ ಉತ್ತರ, ಯಾವ k ಕೂಡ ಆಗುವುದಿಲ್ಲ ಎಂಬುದು. k ಸಿಕ್ಕಿದ ಮೇಲೆ ಒಮ್ಮೆ ಹಿಂದಿರುಗಿ ಚಿಹ್ನೆ ನೋಡಿ ಎಂದು ನಾನು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಹಾಗೆಯೇ, f(x) ಬೆಲೆ 1ಕ್ಕಿಂತ ಹೆಚ್ಚು ಬಂದರೆ ತಪ್ಪು ಎಂದು ಹೊಡೆದು ಹಾಕುವವರಿದ್ದಾರೆ. ಅಧ್ಯಾಪಕರಲ್ಲೂ ಇದ್ದಾರೆ, ಇಲ್ಲಿ ಕೂತವರನ್ನು ಉದ್ದೇಶಿಸಿ ಹೇಳುತ್ತಿಲ್ಲ. ನಾವು ಹತ್ತು ಕೋಲಿಗೆ ಒಂದು ಎಂದು ಎಣಿಸಿದೆವು. ನೂರು ಕೋಲಿಗೆ ಒಂದು ಎಂದು ಎಣಿಸಿದ್ದರೆ ಏನಾಗುತ್ತಿತ್ತು? ಸುರಂಗ 0.6ಕ್ಕೆ ಮುಗಿಯುತ್ತದೆ, ಪದರ 0.2ರಲ್ಲಿ ಬದಲಾಗುತ್ತದೆ. ಅಡ್ಡ ಹತ್ತರಲ್ಲಿ ಒಂದು ಪಾಲಿಗೆ ಕುಗ್ಗಿತು. ವಿಸ್ತೀರ್ಣ 1 ಆಗಿಯೇ ಉಳಿಯಬೇಕಾದರೆ ಎತ್ತರ ಹತ್ತು ಪಟ್ಟು ಆಗಬೇಕು. ಆಗ ಪದರ ಬದಲಾಗುವಲ್ಲಿ ಸಾಂದ್ರತೆ 4. ಏನೂ ತಪ್ಪಿಲ್ಲ. k ಎಷ್ಟಾಯಿತು? ಮೊದಲ ತ್ರಿಕೋನದ ಪಾದ 0.2, ಎತ್ತರ 0.2k, ವಿಸ್ತೀರ್ಣ 0.02k. ಎರಡನೆಯದು 0.08k. ಒಟ್ಟು 0.1k = 1, ಅಂದರೆ k = 10. ಮಾನ ಹತ್ತು ಪಟ್ಟು ದೊಡ್ಡದಾದರೆ k ನೂರು ಪಟ್ಟು. ಒಂದೊಂದೇ ಕೋಲಾಗಿ ಎಣಿಸಿದ್ದರೆ k = 1/1000 ಆಗುತ್ತಿತ್ತು. ಆದ್ದರಿಂದ ಯಾರಾದರೂ ಮಾನ ಹೇಳದೆ k ಮಾತ್ರ ಹೇಳಿದರೆ ಅವರು ಅರ್ಧ ಮಾತು ಹೇಳಿದ್ದಾರೆ ಎಂದು ತಿಳಿಯಿರಿ. ಮಾನ ಏನೇ ಇರಲಿ, ಮೊದಲ ಇಪ್ಪತ್ತು ಕೋಲಿನಲ್ಲಿ ನೀರು ಸಿಗುವ ಸಂಭವನೀಯತೆ ಮಾತ್ರ 0.2 ಆಗಿಯೇ ಇರುತ್ತದೆ.

ಇನ್ನು ಸಂಚಿತ ಫಲನ. F(x) ಎಂದರೆ x ತಲುಪುವಷ್ಟರಲ್ಲಿ ನೀರು ಸಿಕ್ಕಿರುವ ಸಂಭವನೀಯತೆ. ಎಡದ ತುದಿಯಿಂದ ಹಿಡಿದು x ತನಕ ಇರುವ ಇಡೀ ವಿಸ್ತೀರ್ಣ. ಈ "ಇಡೀ" ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ.

x ಸೊನ್ನೆಗಿಂತ ಕಡಿಮೆ ಇದ್ದರೆ F(x) = 0. ಸುರಂಗ ಶುರುವಾಗಿಯೇ ಇಲ್ಲ.

x, 0 ಮತ್ತು 2ರ ನಡುವೆ ಇದ್ದರೆ, ಪಾದ x, ಎತ್ತರ x/10 ಇರುವ ಪುಟ್ಟ ತ್ರಿಕೋನ: F(x) = x²/20. x = 2 ಹಾಕಿದರೆ 0.2.

x, 2 ಮತ್ತು 6ರ ನಡುವೆ ಇದ್ದರೆ? ಮುರಕಲ್ಲಿನಲ್ಲಿ ದಾಟಿ ಬಂದ 0.2 ಕೈಯಲ್ಲಿದೆ, ಅದರ ಮೇಲೆ 2ರಿಂದ x ತನಕದ ವಿಸ್ತೀರ್ಣ ಸೇರಿಸಬೇಕು. ಇಲ್ಲಿ ಅನುಕಲನ ಮಾಡೋಣ. ಒಳಗಿನ ಚರಾಕ್ಷರಕ್ಕೆ t ಎಂದು ಹೆಸರಿಡಿ; x ಈಗ ಮೇಲಿನ ಮಿತಿ, ಅದನ್ನೇ ಒಳಗೂ ಬರೆದರೆ ನಿಮಗೇ ಗೊಂದಲ.

F(x) = 0.2 + ∫₂ˣ (6 − t)/10 dt
= 0.2 + 0.6x − x²/20 − 1
= 0.6x − x²/20 − 0.8

x = 2 ಹಾಕಿ ನೋಡಿ: 1.2 − 0.2 − 0.8 = 0.2. ಹಿಂದಿನ ತುಂಡು ಕೊಟ್ಟ ಬೆಲೆಗೆ ಸರಿಯಾಗಿ ಕೂಡಿತು. x = 6: 3.6 − 1.8 − 0.8 = 1. ಇನ್ನೂ ಸುಲಭದ ದಾರಿ ಬೇಕೆಂದರೆ ಬಲದಿಂದ ಎಣಿಸಿ. x ಆಚೆ ಉಳಿದಿರುವುದು ಪಾದ 6 − x, ಎತ್ತರ (6 − x)/10 ಇರುವ ತ್ರಿಕೋನ. ಒಟ್ಟು 1ರಿಂದ ಅದನ್ನು ಕಳೆದರೆ F(x) = 1 − (6 − x)²/20. ಬಿಡಿಸಿದರೆ ಮೇಲಿನದೇ ಬರುತ್ತದೆ. ನನಗೆ ಈ ರೂಪವೇ ಇಷ್ಟ, ತಪ್ಪುವ ಅವಕಾಶ ಕಡಿಮೆ.

x, 6ಕ್ಕಿಂತ ಹೆಚ್ಚಾದರೆ F(x) = 1. ಸೊನ್ನೆ ಅಲ್ಲ. f ಅಲ್ಲಿ ಸೊನ್ನೆ ಎಂದು ನೋಡಿ F ಕೂಡ ಸೊನ್ನೆ ಎಂದು ಬರೆದವರ ಪತ್ರಿಕೆಗಳನ್ನು ಪ್ರತಿ ವರ್ಷ ತಿದ್ದುತ್ತೇವೆ. ಅರವತ್ತು ಕೋಲಿಗೆ ಸಿಕ್ಕಿದ ನೀರು ಎಪ್ಪತ್ತು ಕೋಲು ಕೊರೆದಾಗ ಇಲ್ಲದಂತಾಗುವುದು ಹೇಗೆ?

ಎರಡನೆಯ ತುಂಡಿನಲ್ಲಿ ನಡೆಯುವ ತಪ್ಪುಗಳು ಮುಖ್ಯವಾಗಿ ಎರಡು ಬಗೆ, ಎರಡೂ ತಮ್ಮ ಗುರುತು ಬಿಟ್ಟು ಹೋಗುತ್ತವೆ. ಹಿಂದಿನ 0.2 ಸೇರಿಸಲು ಮರೆತರೆ F(6) = 0.8 ಬರುತ್ತದೆ. 1ಕ್ಕೆ ಎಷ್ಟು ಕಡಿಮೆ ಬಿತ್ತೋ ಅಷ್ಟು ವಿಸ್ತೀರ್ಣವನ್ನು ನೀವು ಹಿಂದಿನ ತುಂಡಿನಲ್ಲಿ ಬಿಟ್ಟು ಬಂದಿದ್ದೀರಿ. ಇನ್ನೊಂದು ತಪ್ಪು, 0.2 ಸೇರಿಸುವ ಬದಲು ಕೆಳಗಿನ ಮಿತಿಯನ್ನೇ 2ರಿಂದ 0ಗೆ ಇಳಿಸುವುದು. ಆಗ 0.6x − x²/20 ಬಂದು F(6) = 1.8 ಆಗುತ್ತದೆ. (6 − t)/10 ಎಂಬ ಸೂತ್ರಕ್ಕೆ ಅಧಿಕಾರವೇ ಇಲ್ಲದ ಮುರಕಲ್ಲಿನ ಭಾಗದಲ್ಲೂ ಅದನ್ನು ಓಡಿಸಿದ್ದೀರಿ. ಹಾಗಾಗಿ ಕೊನೆಯ ತುದಿಯಲ್ಲಿ 1 ಬಂತೇ, ತುಂಡು ಸೇರುವಲ್ಲಿ ಎರಡೂ ಬೆಲೆ ಒಂದೇ ಬಂತೇ ಎಂದು ನೋಡಿದರೆ ಸಾಕು, ಈ ಎರಡೂ ತಪ್ಪು ಸಿಕ್ಕಿಬೀಳುತ್ತವೆ. ಅವಕಲಿಸಿ ನೋಡಿದರೆ ಮಾತ್ರ ಸಿಕ್ಕಿಬೀಳುವುದಿಲ್ಲ. ಮೂರು ರೂಪಗಳೂ ಅವಕಲಿಸಿದಾಗ (6 − x)/10 ಅನ್ನೇ ಕೊಡುತ್ತವೆ. ವ್ಯತ್ಯಾಸವೆಲ್ಲ ಸ್ಥಿರಪದದಲ್ಲಿ, ಅವಕಲನ ಅದನ್ನು ನುಂಗಿಬಿಡುತ್ತದೆ.

2 ಎಂಬ ಬಿಂದು ಯಾವ ತುಂಡಿಗೆ ಸೇರಬೇಕು, < ಹಾಕಬೇಕೋ ≤ ಹಾಕಬೇಕೋ ಎಂದು ಕೇಳುತ್ತೀರಿ. ಎಲ್ಲಿಗೆ ಸೇರಿಸಿದರೂ F ಬದಲಾಗುವುದಿಲ್ಲ. ಒಂದೇ ಬಿಂದುವಿನ ಮೇಲೆ ವಿಸ್ತೀರ್ಣವಿಲ್ಲ. f ಅಲ್ಲಿ ಹಾರುತ್ತದೆ. F ಹಾರುವುದಿಲ್ಲ, ಅಲ್ಲಿಂದ ಮುಂದೆ ಕಡಿದಾಗಿ ಏರತೊಡಗುತ್ತದೆ, ಅಷ್ಟೇ ವ್ಯತ್ಯಾಸ.

F ಕೈಗೆ ಬಂದ ಮೇಲೆ ಕೆಲಸಕ್ಕೆ ಹಚ್ಚೋಣ. ಅರ್ಧಕ್ಕರ್ಧ ಸಂಭವ ಎಷ್ಟು ಕೋಲಿಗೆ? F(2) = 0.2 ಎಂದರೆ ಅರ್ಧ ಬರುವುದು ಎರಡನೆಯ ತುಂಡಿನಲ್ಲಿ. ಇದನ್ನು ಮೊದಲೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ x²/20 = 0.5 ಎಂದು ಬಿಡಿಸಿ 3.16 ಎಂಬ ಉತ್ತರ ತರುತ್ತೀರಿ. ಅದು ಆ ತುಂಡಿನ ವ್ಯಾಪ್ತಿಯ ಹೊರಗೆ ಬಿದ್ದಿದೆ. ಸರಿಯಾದದ್ದು: (6 − x)² = 10, x = 6 − √10, ಸುಮಾರು 2.84. ಅಂದರೆ ಇಪ್ಪತ್ತೆಂಟೂವರೆ ಕೋಲಿನ ಹತ್ತಿರ.

ಈಗ ತೋಟದ ಯಜಮಾನರು ಕೇಳುವ ಪ್ರಶ್ನೆಗೆ ಬರೋಣ. ಅವರು k ಎಷ್ಟು ಎಂದು ಕೇಳುವುದಿಲ್ಲ. "ಇಪ್ಪತ್ತು ಕೋಲು ಹೋಯಿತು, ನೀರಿಲ್ಲ. ಇನ್ನು ಹತ್ತು ಕೋಲು ಹೋದರೆ ಸಿಗಬಹುದೇ?" ಎನ್ನುತ್ತಾರೆ. F(3) = 1 − 9/20 = 0.55. ಮುಂದಿನ ಹತ್ತು ಕೋಲಿನ ಪಾಲು 0.55 − 0.2 = 0.35. ಆದರೆ ಮುರಕಲ್ಲಿನಲ್ಲಿ ಸಿಗಲಿಲ್ಲ ಎಂಬುದು ಈಗಾಗಲೇ ಗೊತ್ತಾಗಿದೆ, ಆದ್ದರಿಂದ ಉಳಿದ 0.8ರಿಂದ ಭಾಗಿಸಬೇಕು: 0.4375. ನಲವತ್ತು ಕೋಲು ಹೋಗಿಯೂ ಸಿಗದಿದ್ದರೆ? F(4) = 0.8, F(5) = 0.95, 0.15 ಭಾಗಿಸು 0.2, ಅಂದರೆ 0.75. ಐವತ್ತಕ್ಕೂ ಸಿಗದಿದ್ದರೆ ಮುಂದಿನ ಹತ್ತರಲ್ಲಿ ಸಿಗುವುದು ಖಂಡಿತ, 1.

ಸ್ವಲ್ಪ ನಿಲ್ಲಿ. ಐವತ್ತು ಕೋಲು ಕೊರೆದು ಬರೀ ಒಣ ಮಣ್ಣು ಕಂಡವರಿಗೆ, ಇನ್ನು ಹತ್ತು ಕೋಲು ಹೋಗಿ, ನೀರು ಖಂಡಿತ ಎಂದು ನಮ್ಮ ಲೆಕ್ಕ ಹೇಳುತ್ತಿದೆ. ನಿಮ್ಮಲ್ಲಿ ತೋಟದ ಮನೆಯವರು ಯಾರಾದರೂ ಇದನ್ನು ನಂಬುತ್ತೀರಾ? ಈ ಭರವಸೆ ಗುಡ್ಡ ಕೊಟ್ಟದ್ದಲ್ಲ. 10k = 1 ಎಂದು ಬರೆದೆವಲ್ಲ, ಆ ಸಾಲಿನಲ್ಲಿ ನಾವೇ ಕೊಟ್ಟದ್ದು. ಒಟ್ಟು ವಿಸ್ತೀರ್ಣ 1 ಎಂದರೆ ಅರವತ್ತು ಕೋಲಿನೊಳಗೆ ನೀರು ಸಿಕ್ಕೇ ಸಿಗುತ್ತದೆ ಎಂದು ಮೊದಲೇ ಒಪ್ಪಿಕೊಂಡಂತೆ. ಪರೀಕ್ಷೆಯ ಪ್ರಶ್ನೆ "ಸಾಂದ್ರತೆಯಾಗುವಂತೆ" ಎಂದಾಗ ಆ ಒಪ್ಪಿಗೆಯನ್ನು ನಮ್ಮಿಂದ ಸದ್ದಿಲ್ಲದೆ ಪಡೆದಿರುತ್ತದೆ.

ನೀರೇ ಸಿಗದ ಸುರಂಗಗಳೂ ಇವೆ. ಐದರಲ್ಲಿ ಒಂದು ಹಾಗಿದೆ ಎಂದಿಟ್ಟುಕೊಳ್ಳಿ. ಆಗ ರೇಖೆಯ ಕೆಳಗಿನ ವಿಸ್ತೀರ್ಣ 0.8 ಮಾತ್ರ ಇರಬೇಕು, ಉಳಿದ 0.2, ನೀರಿಲ್ಲ ಎಂಬ ಫಲಿತಾಂಶದ ಪಾಲು, ಅದಕ್ಕೆ x ಎಂಬ ಬೆಲೆಯೇ ಇಲ್ಲ. 10k = 0.8, k = 0.08. f ಈಗ ಪಠ್ಯಪುಸ್ತಕದ ಅರ್ಥದಲ್ಲಿ ಸಾಂದ್ರತೆ ಅಲ್ಲ. F ಎಲ್ಲ ಕಡೆ 0.8 ಪಟ್ಟು ಕುಗ್ಗಿ, ಅರವತ್ತು ಕೋಲಿನ ಆಚೆ 0.8ರಲ್ಲೇ ನಿಂತುಬಿಡುತ್ತದೆ. ಇದೇ 0.8 ನಮ್ಮ ಹಿಂದಿನ ಲೆಕ್ಕದಲ್ಲಿ ಬಂದಿದ್ದರೆ ತಪ್ಪಿನ ಗುರುತು. ಇಲ್ಲಿ ಬೇಕೆಂದೇ ಇಟ್ಟದ್ದು.

ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಇಪ್ಪತ್ತು ಕೋಲಿನ ಕೊನೆಯಲ್ಲಿ F = 0.16, ಮೂವತ್ತಕ್ಕೆ 0.44. ವ್ಯತ್ಯಾಸ 0.28, ಭಾಗಿಸು 0.84: ಮೂರರಲ್ಲಿ ಒಂದು. ನಲವತ್ತರ ಕೊನೆಯಲ್ಲಿ 0.64, ಐವತ್ತಕ್ಕೆ 0.76. ವ್ಯತ್ಯಾಸ 0.12, ಭಾಗಿಸು 0.36: ಇಲ್ಲೂ ಮೂರರಲ್ಲಿ ಒಂದು. ಮೊದಲು 0.75 ಇದ್ದದ್ದು ಅರ್ಧಕ್ಕಿಂತಲೂ ಕೆಳಗೆ ಬಂತು. ಐವತ್ತರ ಕೊನೆಯಲ್ಲಿ 0.04 ಭಾಗಿಸು 0.24: ಆರರಲ್ಲಿ ಒಂದು. ಖಂಡಿತ ಎಂದಿದ್ದದ್ದು ಆರರಲ್ಲಿ ಒಂದಾಯಿತು. ಬದಲಾದದ್ದು ಒಟ್ಟು ಮೊತ್ತ ಮಾತ್ರ, ರೇಖೆಯ ಆಕಾರ ಒಂದಿಷ್ಟೂ ಬದಲಾಗಲಿಲ್ಲ.

ಈ 0.2 ಎಲ್ಲಿಂದ ತರುವುದು ಎಂದು ನೀವು ಕೇಳಬೇಕು. ಊರಿನಲ್ಲಿ ಹರಿಯುತ್ತಿರುವ ಸುರಂಗಗಳನ್ನಷ್ಟೇ ಎಣಿಸಿ, ಪ್ರತಿಯೊಂದರಲ್ಲಿ ಎಷ್ಟು ಕೋಲಿಗೆ ನೀರು ಸಿಕ್ಕಿತು ಎಂದು ಬರೆದುಕೊಂಡು ಬಂದರೆ ಮೊತ್ತ ತಾನಾಗಿ 1 ಆಗುತ್ತದೆ. ನೀರು ಸಿಗದವು ಆ ಪಟ್ಟಿಗೆ ಬರುವುದೇ ಇಲ್ಲ. ಅವುಗಳ ಬಾಯಿಗೆ ಪೊದೆ ಬೆಳೆದಿರುತ್ತದೆ, ಅವುಗಳ ಸುದ್ದಿ ಯಾರೂ ತೆಗೆಯುವುದಿಲ್ಲ. ಹಾಗಾಗಿ ಮನೆ ಮನೆಗೆ ಹೋಗುವಾಗ "ನಿಮ್ಮ ಸುರಂಗ ಎಷ್ಟು ಕೋಲು?" ಎಂದು ಶುರು ಮಾಡಬೇಡಿ. "ಅರ್ಧಕ್ಕೆ ಬಿಟ್ಟದ್ದು ಯಾವುದಾದರೂ ಇದೆಯೇ, ಎಷ್ಟು ಕೋಲಿಗೆ ಬಿಟ್ಟಿರಿ?" ಎಂದು ಮೊದಲು ಕೇಳಿ. ಇಪ್ಪತ್ತೈದು ಕೋಲಿಗೇ ಕೈಬಿಟ್ಟವರದನ್ನು ನೀರಿಲ್ಲದ ಸುರಂಗ ಎಂದು ಬರೆಯುವ ಹಾಗಿಲ್ಲ, ಅಷ್ಟರವರೆಗೆ ಸಿಗಲಿಲ್ಲ ಎಂದು ಮಾತ್ರ ಬರೆಯಬೇಕು. ಅಂಥವನ್ನು ಲೆಕ್ಕಕ್ಕೆ ಸೇರಿಸುವ ಕ್ರಮ ಬೇರೆ ಇದೆ. ಅದಕ್ಕೂ ಬೇಕಾಗುವುದು ಈಗ ನಾವು ಭಾಗಿಸಲು ಬಳಸಿದ 1 − F(x) ಎಂಬ ಪದವೇ.